ಏರ್ ಪ್ಯೂರಿಫೈಯರ್ ಕೊಳ್ಳುವ ಮುಂಚೆ ಟೇಪ್ ಹಿಡಿದು ಕೋಣೆ ಅಳೆಯಿರಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಏರ್ ಪ್ಯೂರಿಫೈಯರ್ ಈಗ ಅಪರೂಪದ ವಸ್ತುವೇನಲ್ಲ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿರುತ್ತದೆ, ಎದುರು ಮೇನ್ ರೋಡ್, ಬೆಳಿಗ್ಗೆ ಯಾರೋ ಕಸಕ್ಕೆ ಬೆಂಕಿ ಹಚ್ಚಿರುತ್ತಾರೆ. ಮಗುವಿಗೆ ಕೆಮ್ಮು ಬಿಡುವುದಿಲ್ಲ, ಆನ್‌ಲೈನ್‌ನಲ್ಲಿ ಒಂದು ಆರ್ಡರ್ ಮಾಡುತ್ತಾರೆ. ಆದರೆ ಬಹಳ ಮನೆಗಳಲ್ಲಿ ನಾನು ನೋಡಿರುವುದು ಇದು: ಸಣ್ಣ ಬೆಡ್‌ರೂಮಿಗೆ ಆಗುವಂಥ ಮೆಷಿನ್ ದೊಡ್ಡ ಹಾಲ್‌ನಲ್ಲಿ, ಸೋಫಾ ಹಿಂದೆ, ಸ್ಲೀಪ್ ಮೋಡ್‌ನಲ್ಲಿ ಓಡುತ್ತಿರುತ್ತದೆ. ಬಾಲ್ಕನಿ ಬಾಗಿಲು ತೆರೆದೇ ಇರುತ್ತದೆ. ಕರೆಂಟ್ ಖರ್ಚು ಬಿಟ್ಟರೆ ಅದರಿಂದ ಏನೂ ಆಗುತ್ತಿರುವುದಿಲ್ಲ.

ಸರಿಯಾದದ್ದನ್ನು ಆರಿಸಲು ಬೇಕಿರುವುದು ಒಂದು ಟೇಪ್, ಮೊಬೈಲಿನ ಕ್ಯಾಲ್ಕುಲೇಟರ್, ಅರ್ಧ ಗಂಟೆ ಸಮಯ.

1. ಯಾವ ಕೋಣೆಗೆ ಅಂತ ಮೊದಲು ತೀರ್ಮಾನಿಸಿ

ಮಲಗುವ ಕೋಣೆಗೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಾಗಿಲು ಮುಚ್ಚಿ ಏಳೆಂಟು ಗಂಟೆ ಒಂದೇ ಕಡೆ ಇರುವುದು ಅಲ್ಲೇ. ಅಡುಗೆಮನೆಗೆ ತೆರೆದುಕೊಂಡ ಹಾಲ್‌ಗೆ ಆಮೇಲೆ ಬೇಕಿದ್ದರೆ ಬೇರೆ ದೊಡ್ಡದು ತನ್ನಿ. ಒಂದೇ ಮೆಷಿನ್ ಇಡೀ ಮನೆಗೆ ಆಗುತ್ತದೆ ಅನ್ನುವ ಮಾತನ್ನು ನಂಬಬೇಡಿ, ಗೋಡೆ ದಾಟಿ ಅದು ಗಾಳಿ ಎಳೆಯುವುದಿಲ್ಲ.

2. ಅಳತೆ

ಉದ್ದ, ಅಗಲ, ಎತ್ತರ ಮೂರೂ ಬೇಕು. ಎತ್ತರ ಮರೆಯಬೇಡಿ.

3. ಸಿಎಡಿಆರ್ ಲೆಕ್ಕ: ಎಲ್ಲರೂ ಎಡವುವುದು ಇಲ್ಲೇ

ಮೆಷಿನ್ ಒಂದು ಗಂಟೆಯಲ್ಲಿ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವುದೇ ಸಿಎಡಿಆರ್. ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆಯುತ್ತಾರೆ. ಅಮೆರಿಕದ ಮಾಡೆಲ್‌ಗಳಲ್ಲಿ ಸಿಎಫ್‌ಎಂ ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಅಂತ ಇರುತ್ತದೆ, ಅದನ್ನು 1.7ರಿಂದ ಗುಣಿಸಿದರೆ ಘನ ಮೀಟರ್ ಲೆಕ್ಕ ಸಿಗುತ್ತದೆ. ಫಿಲ್ಟರ್ ಎಷ್ಟು ಹಿಡಿಯುತ್ತದೆ, ಫ್ಯಾನ್ ಎಷ್ಟು ಗಾಳಿ ಎಳೆಯುತ್ತದೆ ಎರಡೂ ಈ ಒಂದು ಸಂಖ್ಯೆಯೊಳಗೆ ಬಂದುಬಿಡುತ್ತವೆ. ಹಾಗಾಗಿ ನಾನು ಮೊದಲು ನೋಡುವುದು ಇದನ್ನೇ. ಇದನ್ನು ಎಲ್ಲೂ ನಮೂದಿಸದ ಮೆಷಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ.

ಡಬ್ಬದ ಮೇಲೆ ದೊಡ್ಡದಾಗಿ ಕಾಣುವುದು ಮಾತ್ರ ಬೇರೆ: ‘500 ಚದರಡಿವರೆಗೆ’. ಇದನ್ನು ಒಮ್ಮೆ ಬಿಡಿಸಿ ನೋಡೋಣ. ಮೆಷಿನ್‌ನ ಸಿಎಡಿಆರ್ 250 ಇದೆ ಅಂದುಕೊಳ್ಳಿ. 500 ಚದರಡಿ ಜಾಗ, ಒಂಬತ್ತೂವರೆ ಅಡಿ ಎತ್ತರ ಅಂದರೆ 4,750 ಘನ ಅಡಿ. ಒಂದು ಘನ ಮೀಟರಿಗೆ 35.3 ಘನ ಅಡಿ, ಭಾಗಿಸಿದರೆ ಸುಮಾರು 135 ಘನ ಮೀಟರ್. ಗಂಟೆಗೆ 250 ಕೊಡುವ ಮೆಷಿನ್ ಅಷ್ಟು ಜಾಗದ ಗಾಳಿಯನ್ನು ಗಂಟೆಯಲ್ಲಿ ಎರಡು ಸಲವೂ ಪೂರ್ತಿ ತೊಳೆಯುವುದಿಲ್ಲ. ಡಬ್ಬದ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅದು ನಿಮಗೆ ಸಾಲುವುದಿಲ್ಲ.

ಯಾಕೆ ಸಾಲುವುದಿಲ್ಲ? ಕಿಟಕಿ ಮುಚ್ಚಿದರೂ ನಮ್ಮ ಮನೆಗಳಿಗೆ ಹೊರಗಿನ ಗಾಳಿ ನುಗ್ಗುತ್ತಲೇ ಇರುತ್ತದೆ. ಸ್ಲೈಡಿಂಗ್ ಕಿಟಕಿಯ ಸಂದು, ಬಾಗಿಲಿನ ಕೆಳಗಿನ ಜಾಗ, ಬಾತ್‌ರೂಮಿನ ವೆಂಟಿಲೇಟರ್. ಹೀಗೆ ಗಂಟೆಗೊಮ್ಮೆ ಕೋಣೆಯ ಪೂರ್ತಿ ಗಾಳಿ ಹೊರಗಿನದರ ಜೊತೆ ಅದಲು ಬದಲಾಗುತ್ತದೆ ಅಂತ ಇಟ್ಟುಕೊಳ್ಳಿ. ಹೊರಗೆ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಧೂಳು, ಘನ ಮೀಟರಿಗೆ 90 ಮೈಕ್ರೋಗ್ರಾಂ ಇದೆ. ಮೆಷಿನ್ ಗಂಟೆಗೆ ಎರಡು ಸಲ ತೊಳೆದರೆ ಒಳಗಿನ ಮಟ್ಟ 30ಕ್ಕೆ ಬಂದು ನಿಲ್ಲುತ್ತದೆ. ಐದು ಸಲ ತೊಳೆದರೆ 15ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿಗೆ ಹಾಕಿದ ಮಿತಿಯೂ 15. ಇನ್ನು ಕಿಟಕಿ ಅರ್ಧ ತೆರೆದು ಗಂಟೆಗೆ ಹತ್ತು ಸಲ ಹೊರಗಾಳಿ ಬಂದರೆ, ಅದೇ ಐದು ಸಲ ತೊಳೆಯುವ ಮೆಷಿನ್ ಇದ್ದರೂ ಒಳಗೆ 60 ಇರುತ್ತದೆ. ಕಿಟಕಿ ತೆರೆದಿಟ್ಟು ಪ್ಯೂರಿಫೈಯರ್ ಓಡಿಸುವುದು ಸುಮ್ನೆ ದಂಡ ಅನ್ನುವುದು ಇದಕ್ಕೇ. ಗಾಳಿ ಆಡಲು ಕಿಟಕಿ ತೆಗೆಯಲೇಬೇಕು, ಮೆಷಿನ್ ಕಾರ್ಬನ್ ಡೈಆಕ್ಸೈಡ್ ತೆಗೆಯುವುದಿಲ್ಲವಲ್ಲ. ಅದಕ್ಕೆ ಹೊರಗೆ ಟ್ರಾಫಿಕ್ ಕಡಿಮೆ ಇರುವ ಹೊತ್ತು ನೋಡಿ ಸ್ವಲ್ಪ ಹೊತ್ತು ಪೂರ್ತಿ ತೆರೆದು, ಆಮೇಲೆ ಮುಚ್ಚಿ ಮೆಷಿನ್ ಹಾಕಿ.

ಹಾಗಾಗಿ ಗುರಿ ಗಂಟೆಗೆ ಐದು ಸಲ. ಈಗ ಒಂದು ಮಾಮೂಲಿ ಟು ಬಿಎಚ್‌ಕೆ ಬೆಡ್‌ರೂಮ್ ತೆಗೆದುಕೊಳ್ಳಿ: 11 ಅಡಿ, 12 ಅಡಿ, ಎತ್ತರ ಒಂಬತ್ತೂವರೆ. ಗುಣಿಸಿದರೆ 1,254 ಘನ ಅಡಿ, ಅಂದರೆ ಸುಮಾರು 35.5 ಘನ ಮೀಟರ್. ಐದರಿಂದ ಗುಣಿಸಿ, 178. ಅಂದರೆ 180 ಸಿಎಡಿಆರ್ ಇರುವುದನ್ನು ಕೊಂಡರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲುವುದಿಲ್ಲ.

ಡಬ್ಬದ ಮೇಲಿನ ಸಿಎಡಿಆರ್ ಅಳೆದಿರುವುದು ಫ್ಯಾನ್ ಪೂರ್ತಿ ಸ್ಪೀಡ್‌ನಲ್ಲಿದ್ದಾಗ. ಆ ಸದ್ದಿನಲ್ಲಿ ಯಾರೂ ಮಲಗುವುದಿಲ್ಲ. ರಾತ್ರಿ ಹತ್ತಕ್ಕೆ ಜನ ಅದನ್ನು ಸ್ಲೀಪ್ ಮೋಡ್‌ಗೆ ಹಾಕುತ್ತಾರೆ, ಅಲ್ಲಿಗೆ 180 ಇದ್ದದ್ದು 50–60ಕ್ಕೆ ಇಳಿದಿರುತ್ತದೆ. ನಡುವಿನ ಸ್ಪೀಡ್‌ನಲ್ಲಿ ಬರುವುದು ಹೆಚ್ಚುಕಡಿಮೆ ಅರ್ಧ. ಆದ್ದರಿಂದ ಬಂದ ಲೆಕ್ಕವನ್ನು ಎರಡರಿಂದ ಗುಣಿಸಿ ಕೊಳ್ಳಿ ಅನ್ನುತ್ತೇನೆ ನಾನು. ಈ ಬೆಡ್‌ರೂಮಿಗೆ 350ರ ಆಸುಪಾಸಿನದು. ದೊಡ್ಡ ಮೆಷಿನ್ ನಡುವಿನ ಸ್ಪೀಡ್‌ನಲ್ಲಿ ಮೆಲ್ಲಗೆ ಓಡುವುದು, ಸಣ್ಣದು ಅರಚಿಕೊಂಡು ಓಡುವುದಕ್ಕಿಂತ ಯಾವಾಗಲೂ ಮೇಲು.

ಆಟೋ ಮೋಡ್ ಬಗ್ಗೆ ಒಂದು ಮಾತು. ಸೆನ್ಸರ್ ಇರುವುದು ಮೆಷಿನ್ ಒಳಗೇ. ಅದರ ಸುತ್ತಲಿನ ಗಾಳಿ ಎಲ್ಲಕ್ಕಿಂತ ಮೊದಲು ಶುದ್ಧವಾಗುತ್ತದೆ. ಮಂಚದ ಆ ಕಡೆ ಇನ್ನೂ ಧೂಳಿರುವಾಗಲೇ ಅದು ‘ಎಲ್ಲ ಸರಿಯಿದೆ’ ಅಂದುಕೊಂಡು ಸ್ಪೀಡ್ ಇಳಿಸಿಬಿಡುತ್ತದೆ. ರಾತ್ರಿ ಒಂದೇ ಸ್ಪೀಡ್‌ಗೆ ನೀವೇ ಇಟ್ಟುಬಿಡಿ, ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ.

4. ಫಿಲ್ಟರ್

ಧೂಳಿಗೆ ಹೆಪಾ, ವಾಸನೆಗೆ ಕಾರ್ಬನ್, ಕೂದಲು, ದಪ್ಪ ಧೂಳಿಗೆ ಮುಂದಿನ ಜಾಲರಿ. ಇಷ್ಟೇ. ಹೆಪಾ ಅಂದರೆ ಮಡಚಿ ಮಡಚಿ ಜೋಡಿಸಿದ ನಾರಿನ ಹಾಳೆ. ಡಬ್ಬಗಳ ಮೇಲೆ 0.3 ಮೈಕ್ರಾನ್ ಅಂತ ಪದೇ ಪದೇ ಬರೆಯುವುದಕ್ಕೂ ಕಾರಣವಿದೆ. ದೊಡ್ಡ ಕಣ ನಾರಿಗೆ ತಾಗಿ ನಿಲ್ಲುತ್ತದೆ, ತೀರಾ ಸಣ್ಣದು ಅಡ್ಡಾದಿಡ್ಡಿ ಓಡಾಡಿ ತಾನೇ ಹೋಗಿ ಅಂಟಿಕೊಳ್ಳುತ್ತದೆ, ನಡುವಿನ ಈ ಅಳತೆಯದೇ ನುಸುಳುವುದು ಜಾಸ್ತಿ. ಅದನ್ನೇ ಹಿಡಿದರೆ ಉಳಿದದ್ದನ್ನೂ ಹಿಡಿದಂತೆ.

ಎಚ್13 ದರ್ಜೆಯ ಹೆಪಾ ಇದ್ದರೆ ಒಳ್ಳೆಯದು, ಆದರೆ ಅದಕ್ಕಾಗಿ ಸಿಎಡಿಆರ್ ಬಿಟ್ಟುಕೊಡಬೇಡಿ. ಕೋಣೆಯ ಗಾಳಿ ಸುತ್ತಿ ಸುತ್ತಿ ಮತ್ತೆ ಮೆಷಿನ್‌ಗೇ ಬರುತ್ತದೆ. ಒಂದು ಸುತ್ತಿನಲ್ಲಿ 99.5 ಶೇಕಡ ಹಿಡಿದರೂ 99.95 ಹಿಡಿದರೂ ಬೆಡ್‌ರೂಮಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಗಾಳಿಯ ಪ್ರಮಾಣದ ವ್ಯತ್ಯಾಸ ಕಾಣುತ್ತದೆ. ‘ಹೆಪಾ ಟೈಪ್’, ‘ಹೆಪಾ ಲೈಕ್’ ಅಂತಿದ್ದರೆ ಮಾತ್ರ ಮುಟ್ಟಬೇಡಿ, ಆ ಹೆಸರಿಗೆ ಯಾವ ಅಳತೆಯೂ ಇಲ್ಲ. ತೊಳೆಯಬಹುದಾದ ಹೆಪಾ ಅಂತ ಮಾರುವವರೂ ಇದ್ದಾರೆ. ನೀರು ಬಿದ್ದರೆ ನಾರು ಹಾಳಾಗುತ್ತದೆ, ಧೂಳನ್ನು ಸೆಳೆಯುವ ಅದರ ವಿದ್ಯುದಂಶವೂ ಹೋಗುತ್ತದೆ. ತೊಳೆಯಬೇಕಾದದ್ದು ಮುಂದಿನ ಜಾಲರಿ ಮಾತ್ರ, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಎರಡು ವಾರಕ್ಕೊಮ್ಮೆ.

ಕಾರ್ಬನ್ ಫಿಲ್ಟರ್ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗಬೇಕು, ಅಲ್ಲಾಡಿಸಿದರೆ ಕಾಳು ಸದ್ದು ಮಾಡಬೇಕು. ಕಪ್ಪು ಬಣ್ಣದ ತೆಳು ಸ್ಪಂಜು ಇಟ್ಟಿದ್ದರೆ ಅದು ಬೇಗ ತುಂಬಿಹೋಗುತ್ತದೆ, ಆಮೇಲೆ ಲೆಕ್ಕಕ್ಕಿಲ್ಲ. ಒಗ್ಗರಣೆ ಘಾಟಿಗೆ ಪ್ಯೂರಿಫೈಯರ್ ನಂಬಬೇಡಿ, ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕಿ. ಎಣ್ಣೆ ಹಬೆ ಹೆಪಾ ಮೇಲೆ ಕೂತರೆ ಅದರ ಆಯಸ್ಸು ಅರ್ಧಕ್ಕೆ ಮುಗಿಯುತ್ತದೆ. ಗಾಳಿಗೆ ವಿದ್ಯುದಂಶ ಕೊಡುವ ಅಯೊನೈಸರ್ ಇದ್ದರೆ ಅದನ್ನು ಆಫ್ ಮಾಡುವ ಬಟನ್ ಇದೆಯಾ ನೋಡಿ, ಇಲ್ಲದಿದ್ದರೆ ಬೇಡ. ಕೆಲವು ಓಝೋನ್ ಬಿಡುತ್ತವೆ, ಅಸ್ತಮಾ ಇರುವವರಿಗೆ ಅದೇ ತೊಂದರೆ. ಯುವಿ ಲೈಟಿಗೆ ಜಾಸ್ತಿ ದುಡ್ಡು ಕೊಡಬೇಡಿ, ಗಾಳಿ ಅದರ ಮುಂದೆ ನಿಲ್ಲದೆ ಓಡಿಹೋಗುತ್ತದೆ.

5. ಬದಲಿ ಫಿಲ್ಟರ್ ಬೆಲೆ

ಮೆಷಿನ್ ಬೆಲೆಗಿಂತ ಮುಂಚೆ ಇದನ್ನು ನೋಡಿ. ಈಗಲೇ ಸ್ಟಾಕ್ ಇದೆಯಾ ಅಂತಲೂ ನೋಡಿ.

6. ಮನೆಗೆ ಬಂದಮೇಲೆ ಅಗರಬತ್ತಿ ಪರೀಕ್ಷೆ

ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಇದನ್ನು ಮಾಡಿ. ಪಿಎಂ 2.5 ತೋರಿಸುವ ಸಣ್ಣ ಮೀಟರ್ ಯಾರ ಹತ್ತಿರವಾದರೂ ಸಿಕ್ಕರೆ ತಂದು ದಿಂಬಿನ ಪಕ್ಕ ಇಡಿ. ಸಿಗದಿದ್ದರೆ ಮೆಷಿನ್‌ನ ಡಿಸ್‌ಪ್ಲೇ ನೋಡಬಹುದು, ಆದರೆ ಅದು ಗಾಳಿಯನ್ನು ಇರುವುದಕ್ಕಿಂತ ಸ್ವಲ್ಪ ಶುದ್ಧವಾಗಿಯೇ ತೋರಿಸುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಸೀಲಿಂಗ್ ಫ್ಯಾನ್ ಹಾಕಿ. ಒಂದು ಅಗರಬತ್ತಿ ಹಚ್ಚಿ, ಸಂಖ್ಯೆ 300ರ ಹತ್ತಿರ ಬಂದಾಗ ಅದನ್ನು ಕೋಣೆಯಿಂದ ಆಚೆ ಒಯ್ಯಿರಿ. ಒಂದೆರಡು ನಿಮಿಷ ಹೊಗೆ ಎಲ್ಲ ಕಡೆ ಬೆರೆಯಲು ಬಿಟ್ಟು, ನೀವು ರಾತ್ರಿ ಇಡುವ ಸ್ಪೀಡ್‌ನಲ್ಲೇ ಮೆಷಿನ್ ಹಾಕಿ, ಸಂಖ್ಯೆ ಅರ್ಧಕ್ಕಿಳಿಯಲು ಎಷ್ಟು ನಿಮಿಷ ಹಿಡಿಯಿತು ನೋಡಿ.

42ನ್ನು ಆ ನಿಮಿಷದಿಂದ ಭಾಗಿಸಿ. ಎಂಟು ನಿಮಿಷ ಹಿಡಿದರೆ ಗಂಟೆಗೆ ಐದು ಸಲ ಅಂತ ಅರ್ಥ. ಇಪ್ಪತ್ತೊಂದು ನಿಮಿಷವಾದರೆ ಎರಡೇ ಸಲ. ಮೆಷಿನ್ ಇಲ್ಲದಿದ್ದರೂ ಹೊಗೆ ತಾನಾಗಿ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೆ ಇನ್ನೊಮ್ಮೆ ಮೆಷಿನ್ ಆಫ್ ಮಾಡಿ ಇದೇ ಪರೀಕ್ಷೆ ಮಾಡಿ, ಆಗಲೂ 42ನ್ನು ನಿಮಿಷದಿಂದ ಭಾಗಿಸಿ ಬಂದದ್ದನ್ನು ಮೊದಲಿನದರಿಂದ ಕಳೆಯಿರಿ. ಉಳಿದದ್ದು ನಿಮ್ಮ ಮೆಷಿನ್‌ನ ಕೆಲಸ.

ಸಂಖ್ಯೆ ಇಳಿಯುತ್ತಲೇ ಇಲ್ಲ ಅಂದರೆ ಮೊದಲು ಹಿಂದಿನ ಮುಚ್ಚಳ ತೆಗೆದು ನೋಡಿ. ಹೊಸ ಫಿಲ್ಟರ್ ಪ್ಲಾಸ್ಟಿಕ್ ಕವರ್ ಒಳಗೇ ಬರುತ್ತದೆ. ಅದನ್ನು ಬಿಚ್ಚದೆ ತಿಂಗಳುಗಟ್ಟಲೆ ಓಡಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಕವರ್ ತೆಗೆದಿದೆ, ಮೆಷಿನ್ ಗೋಡೆಯಿಂದ ಒಂದು ಅಡಿ ಈಚೆಗಿದೆ, ಪರದೆ ಅಡ್ಡ ಬಂದಿಲ್ಲ, ಆದರೂ ನಡುವಿನ ಸ್ಪೀಡ್‌ನಲ್ಲಿ ಹದಿನೈದು ನಿಮಿಷ ದಾಟುತ್ತಿದೆ ಅಂದರೆ ಮೆಷಿನ್ ಆ ಕೋಣೆಗೆ ಚಿಕ್ಕದಾಯಿತು. ವಾಪಸ್ ಕೊಟ್ಟು ಮುಂದಿನ ಸೈಜ್ ತನ್ನಿ.