ಫ್ಲ್ಯಾಟಿನ ಬಾಡಿಗೆ ಸರಿಯಾಗಿದೆಯಾ? ನೀವೇ ಲೆಕ್ಕ ಹಾಕಿ ನೋಡಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ನಿಮಗೆ ಹಿಡಿಸಿದೆ ಅಂದುಕೊಳ್ಳಿ. ಮೂರನೇ ಮಹಡಿ, ಅದರ ಮೇಲೆ ಬರೀ ಮಾಳಿಗೆ. ಲಿಫ್ಟ್ ಇಲ್ಲ. ಕಾರಿಗೆ ಕೆಳಗೆ ನೆರಳಿರುವ ಪಾರ್ಕಿಂಗ್ ಇದೆ. ಒಳಗಿನ ಜಾಗ 750 ಚದರಡಿ. ಮಾಲೀಕರು ಹೇಳುತ್ತಿರುವ ಬಾಡಿಗೆ 15,500. ಮೇಂಟೆನನ್ಸ್ 1,000, ಡಿಪಾಸಿಟ್ 1 ಲಕ್ಷ.

ಇದು ಜಾಸ್ತಿಯಾ, ಸರಿಯಾ? ಅಕ್ಕಪಕ್ಕದ ಜಾಹೀರಾತು ನೋಡಿ ಸರಾಸರಿ ತೆಗೆದರೆ ಉತ್ತರ ಸಿಗುವುದಿಲ್ಲ. ಒಂದು ಮನೆಗೆ ಲಿಫ್ಟ್ ಇದ್ದರೆ ಇನ್ನೊಂದಕ್ಕೆ ಪಾರ್ಕಿಂಗ್ ಇರುವುದಿಲ್ಲ. ಬೇರೆ ಮನೆಗಳ ಬಾಡಿಗೆಯನ್ನು ನಿಮ್ಮ ಮನೆಗೆ ಹೊಂದುವ ಹಾಗೆ ತಿದ್ದಬೇಕು. ಮುಂದಿನ ಬಾಡಿಗೆಯ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಇಟ್ಟಿದ್ದೇನೆ. ಇಂದಿನ ದರ ನೀವೇ ಹುಡುಕಿ ತುಂಬಿಕೊಳ್ಳಬೇಕು.

1. ಎಲ್ಲ ಮನೆಗಳನ್ನೂ ತಿಂಗಳ ಒಟ್ಟು ಖರ್ಚಿಗೆ ತನ್ನಿ

ಬಾಡಿಗೆ ಒಂದನ್ನೇ ಹೋಲಿಸಬೇಡಿ. ಒಬ್ಬರು ಬಾಡಿಗೆ ಕಡಿಮೆ ಹೇಳಿ ಮೇಂಟೆನನ್ಸ್ ಏರಿಸುತ್ತಾರೆ. ಇನ್ನೊಬ್ಬರು ಡಿಪಾಸಿಟ್ ದೊಡ್ಡದು ಕೇಳುತ್ತಾರೆ. ಡಿಪಾಸಿಟ್ ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಅದರ ಬಡ್ಡಿ ನಿಮಗಿಲ್ಲ. ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ಶೇ 6 ಸಿಗುತ್ತಿತ್ತು ಅಂದುಕೊಂಡರೆ, 1 ಲಕ್ಷಕ್ಕೆ ವರ್ಷಕ್ಕೆ 6,000, ತಿಂಗಳಿಗೆ 500 ಆಯಿತು. 50 ಸಾವಿರ ಡಿಪಾಸಿಟ್ ಆದರೆ 250.

ಆಗ ನಮ್ಮ ಫ್ಲ್ಯಾಟಿನ ನಿಜವಾದ ಬೇಡಿಕೆ 15,500, 1,000 ಮತ್ತು 500 ಸೇರಿ 17,000. ಈ ಒಟ್ಟು ಮೊತ್ತವನ್ನೇ ಮುಂದೆ ಬಳಸೋಣ.

2. ಜಾಹೀರಾತು ಸೋಸಿ

ಆನ್‌ಲೈನಿನಲ್ಲಿ ಹತ್ತು ಮನೆ ಕಂಡರೆ ಹತ್ತೂ ಬೇರೆ ಬೇರೆ ಅಂದುಕೊಳ್ಳಬೇಡಿ. ಒಂದೇ ಮನೆಯನ್ನು ಇಬ್ಬರು ಮೂವರು ಏಜೆಂಟರು ಬೇರೆ ಬೇರೆ ದರಕ್ಕೆ ಹಾಕಿರುತ್ತಾರೆ. ಕಿಟಕಿ, ಟೈಲ್ಸ್, ಅಡುಗೆಮನೆ ಕಟ್ಟೆಯ ಫೋಟೊ ನೋಡಿದರೆ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಖಾಲಿ ಕೂತ ಮನೆಯ ಜಾಹೀರಾತು ಒಂದು ವಿಷಯ ಹೇಳುತ್ತದೆ: ಆ ದರಕ್ಕೆ ಯಾರೂ ಒಪ್ಪಿಲ್ಲ.

ಜಾಹೀರಾತಿನಲ್ಲಿರುವುದು ಮಾಲೀಕರು ಕೇಳುವ ದರ. ಕೊನೆಗೆ ಕುದುರಿದ ದರ ಅಲ್ಲ. ಅದಕ್ಕೇ ಈಗ ಬಾಡಿಗೆ ಕೊಡುತ್ತಿರುವವರ ಬಾಯಿಂದ ಬಂದ ಒಂದು ಅಂಕಿಗೆ ಮೂರು ಜಾಹೀರಾತಿಗಿಂತ ಜಾಸ್ತಿ ತೂಕ ಕೊಡಿ. ಓಣಿಯ ಕಿರಾಣಿ ಅಂಗಡಿಯಲ್ಲಿ, ಕೆಳಗಿನ ಮನೆಯವರಲ್ಲಿ ಕೇಳಿ. ನಮ್ಮ ಕಡೆ ಜನ ಹೇಳುತ್ತಾರೆ.

ಹುಡುಗರು ನಾಲ್ಕೈದು ಜನ ಸೇರಿ ಹಂಚಿಕೊಂಡಿರುವ ಮನೆಗಳನ್ನು ಪಕ್ಕಕ್ಕಿಡಿ. ಕಾಲೇಜುಗಳಿರುವ ವಿದ್ಯಾನಗರದಲ್ಲಿ ಅಂಥವು ಬಹಳ. ತಲೆಗೆ ಇಷ್ಟು ಅಂತ ನಿಂತ ಬಾಡಿಗೆಯನ್ನು ಕುಟುಂಬದ ಬಾಡಿಗೆಗೆ ಹೋಲಿಸಲು ಬರುವುದಿಲ್ಲ.

ಚದರಡಿಯಲ್ಲೂ ಎಚ್ಚರ ಬೇಕು. ಜಾಹೀರಾತಿನ 1,000 ಚದರಡಿಯಲ್ಲಿ ಮೆಟ್ಟಿಲು, ಓಣಿಯಂಥ ಕಾರಿಡಾರ್ ಎಲ್ಲ ಸೇರಿರಬಹುದು. 2016ರ ರೇರಾ ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ. ಹೊರಗೋಡೆ, ಬಾಲ್ಕನಿ ಅದರಲ್ಲಿ ಬರುವುದಿಲ್ಲ, ಒಳಗಿನ ಅಡ್ಡಗೋಡೆ ಬರುತ್ತದೆ. ಮನೆ ನೋಡಲು ಹೋದಾಗ ಒಂದು ಟೇಪು ಒಯ್ಯಿರಿ, ಅಳೆದುಬಿಡಿ.

3. ಮಹಡಿಯ ಬೆಲೆ ಊಹಿಸಬೇಡಿ, ಜೋಡಿ ಹುಡುಕಿ

"ಮೇಲಿನ ಮಹಡಿಗೆ ಶೇ 10 ಕಡಿಮೆ" ಅನ್ನುವ ಸಿದ್ಧ ಸೂತ್ರ ನಂಬಬೇಡಿ. ಲಿಫ್ಟ್ ಇರುವ ಕಟ್ಟಡದಲ್ಲಿ ಗಾಳಿ ಬೆಳಕು ಅಂತ ಮೇಲಿನ ಮನೆಗೇ ಜಾಸ್ತಿ ಕೊಡುವವರಿದ್ದಾರೆ. ಲಿಫ್ಟ್ ಇಲ್ಲದಿದ್ದರೆ ಲೆಕ್ಕ ತಿರುವುಮುರುವು. ಗ್ಯಾಸ್ ಸಿಲಿಂಡರ್ ಮೇಲಕ್ಕೆ ತರುವುದು, ಮನೆಯ ಹಿರಿಯರು ಹತ್ತಿ ಇಳಿಯುವುದು ಎಲ್ಲ ತ್ರಾಸು. ಅದರ ಮೇಲೆ ಮಾಳಿಗೆಯ ಕೆಳಗಿನ ಮನೆ ಏಪ್ರಿಲ್, ಮೇನಲ್ಲಿ ರಾತ್ರಿಯೂ ಕಾಯುತ್ತಿರುತ್ತದೆ. ಮಳೆಗಾಲದಲ್ಲಿ ಛಾವಣಿ ಸೋರಬಹುದು. ನೀರಿನ ಟಾಕಿ ತಲೆಯ ಮೇಲೇ ಇದ್ದರೂ ಎತ್ತರ ಸಾಲದೆ ನಲ್ಲಿಯ ನೀರು ಸಣ್ಣಗೆ ಬರುತ್ತದೆ. ನೋಡಲು ಹೋದಾಗ ಶವರ್ ತಿರುಗಿಸಿ ನೋಡಿ, ಛಾವಣಿಯ ಮೂಲೆಗಳಲ್ಲಿ ಹಳದಿ ಕಲೆ ಇದೆಯಾ ಗಮನಿಸಿ.

ಇದೆಲ್ಲದಕ್ಕೂ ಎಷ್ಟು ರೂಪಾಯಿ ಕಳೆಯಬೇಕು? ಉತ್ತರ ಓಣಿಯಲ್ಲೇ ಇದೆ. ಒಂದೇ ಕಟ್ಟಡದ, ಒಂದೇ ನಕ್ಷೆಯ ಎರಡು ಮನೆ ಹುಡುಕಿ. ಅವೆರಡರ ನಡುವೆ ಮಹಡಿ ಮಾತ್ರ ಬೇರೆ ಇರಬೇಕು.

ನಮಗೆ ಅಂಥ ಜೋಡಿ ಸಿಕ್ಕಿತು ಅನ್ನೋಣ. ನಮ್ಮದೇ ಓಣಿಯ ಇನ್ನೊಂದು ಕಟ್ಟಡ, ಲಿಫ್ಟ್ ಇಲ್ಲ, ಇಷ್ಟೇ ದೊಡ್ಡ ಮನೆಗಳು, ಎರಡಕ್ಕೂ ಕಾರ್ ಪಾರ್ಕಿಂಗ್ ಇದೆ. ಮೊದಲ ಮಹಡಿಯ 'ಕ' ಮನೆಗೆ ಒಟ್ಟು 16,000. ಮೂರನೇ ಮಹಡಿಯಲ್ಲಿ, ಮಾಳಿಗೆಯ ಕೆಳಗಿರುವ 'ಖ' ಮನೆಗೆ 14,800. ವ್ಯತ್ಯಾಸ 1,200. ಮೆಟ್ಟಿಲು, ಬಿಸಿಲು ಎರಡಕ್ಕೂ ಸೇರಿ ಈ ಓಣಿಯ ಜನ ಕಟ್ಟಿದ ಬೆಲೆ ಅದು.

ಪಾರ್ಕಿಂಗ್‌ಗೂ ಹೀಗೇ. ಹತ್ತಿರದ ಲಿಫ್ಟ್ ಅಪಾರ್ಟ್‌ಮೆಂಟಿನಲ್ಲಿ ಕಾರ್ ಪಾರ್ಕಿಂಗ್ ಇರುವ ಫ್ಲ್ಯಾಟ್ 18,500ಕ್ಕೆ, ಬೈಕಿಗೆ ಮಾತ್ರ ಜಾಗ ಇರುವ ಅದೇ ಥರದ ಫ್ಲ್ಯಾಟ್ 17,700ಕ್ಕೆ ಹೋಗಿದ್ದರೆ, ಪಾರ್ಕಿಂಗ್ ಬೆಲೆ 800. ಈ 800 ಅನ್ನು ಮಾತ್ರ ಇಟ್ಟುಕೊಂಡು ಆ ಅಪಾರ್ಟ್‌ಮೆಂಟನ್ನು ಬಿಟ್ಟುಬಿಡಿ. ಲಿಫ್ಟ್, ಜನರೇಟರ್, ವಾಚ್‌ಮನ್ ಎಲ್ಲ ಕಳೆದು ಅದನ್ನು ನಮ್ಮ ಮನೆಗೆ ಹೊಂದಿಸಲು ಹೋದರೆ ತಿದ್ದುಪಡಿಯೇ ಬಾಡಿಗೆಯ ಕಾಲು ಭಾಗ ಆಗುತ್ತದೆ. ಅಷ್ಟು ತಿದ್ದಿದ ಅಂಕಿಯಲ್ಲಿ ಸಾಕ್ಷಿಗಿಂತ ನಿಮ್ಮ ಊಹೆಯೇ ಜಾಸ್ತಿ.

4. ಕೂಡಬೇಕೋ, ಕಳೆಯಬೇಕೋ

ತಪ್ಪಾಗುವುದು ಇಲ್ಲೇ. ತಿದ್ದುವುದು ಯಾವಾಗಲೂ ಬೇರೆ ಮನೆಯ ಬಾಡಿಗೆಯನ್ನು. ಅವರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದನ್ನು ಕಳೆಯಿರಿ. ನಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ್ದನ್ನು ಕೂಡಿ. ಉಲ್ಟಾ ಮಾಡಿದರೆ 800ರ ತಪ್ಪು 1,600 ಆಗುತ್ತದೆ.

'ಗ' ಮನೆ ಪಕ್ಕದ ಓಣಿಯದು. ನಾಲ್ಕು ಮಹಡಿಯ ಕಟ್ಟಡದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಾರ್ ಪಾರ್ಕಿಂಗ್ ಇಲ್ಲ, ಜಾಗ ಅಷ್ಟೇ. ಒಟ್ಟು 14,250. ನಮ್ಮಲ್ಲಿ ಪಾರ್ಕಿಂಗ್ ಇದೆ, 800 ಕೂಡಿ. ಅವರು ನಮಗಿಂತ ಒಂದು ಮಹಡಿ ಕೆಳಗಿದ್ದಾರೆ, ಬಿಸಿಲೂ ಇಲ್ಲ. 1,200ರಲ್ಲಿ 500 ಒಂದರಿಂದ ಎರಡನೇ ಮಹಡಿಗೆ, ಉಳಿದ 700 ಬಿಸಿಲಿನ ಮೂರನೇ ಮಹಡಿಗೆ ಅಂತ ಹಂಚಿದರೆ, 700 ಕಳೆಯಬೇಕು. ಬಂದದ್ದು 14,350. ಈ ಹಂಚಿಕೆ ಅಂದಾಜಿನದು, ಹಾಗಾಗಿ 'ಗ' ಮನೆಯ ಮಾತನ್ನು ಸ್ವಲ್ಪ ಕಡಿಮೆ ನಂಬಿ.

'ಘ' ಮನೆ ನಮ್ಮ ಹಾಗೇ ಮೂರನೇ ಮಹಡಿ, ಮೇಲೆ ಮಾಳಿಗೆ, ಲಿಫ್ಟ್ ಇಲ್ಲ, ಪಾರ್ಕಿಂಗ್ ಇದೆ. ಆದರೆ 850 ಚದರಡಿ. ಜಾಹೀರಾತಿನ ಪ್ರಕಾರ ಒಟ್ಟು 16,200. ಜಾಸ್ತಿ ಇರುವ 100 ಚದರಡಿಗೆ ಎಷ್ಟು ಕಳೆಯಬೇಕು? ಒಟ್ಟು ಬಾಡಿಗೆ ಚದರಡಿಗೆ 19-20 ರೂಪಾಯಿ ಬೀಳುತ್ತದೆ ಅಂತ 2,000 ಕಳೆದರೆ ಅತಿಯಾಯಿತು. ಮನೆ ದೊಡ್ಡದಾದರೂ ಅಡುಗೆಮನೆ ಒಂದೇ, ಬಚ್ಚಲು ಅಷ್ಟೇ, ಓಣಿಯೂ ಅದೇ. ಹಾಲ್ ಒಂದಿಷ್ಟು ಅಗಲ ಆಗಿರುತ್ತದೆ, ಅಷ್ಟೇ ಅಲ್ವಾ? ಅದಕ್ಕೆ ಅರ್ಧ ದರ ಹಿಡಿಯುವುದು ವಾಸಿ. 1,000 ಕಳೆದರೆ 15,200.

ಇನ್ನು 'ಕ' ಮನೆಯ 16,000ದಲ್ಲಿ ಮಹಡಿಯ 1,200 ಕಳೆದರೆ 14,800. ಅದು 'ಖ' ಮನೆಯ ಅಂಕಿಗೆ ಸರಿಯಾಗಿ ಕೂಡುತ್ತದೆ. ಎರಡೂ ಒಂದೇ ಹೇಳಿದವು ಅಂತ ಖುಷಿಪಡಬೇಡಿ. 1,200 ಸಿಕ್ಕಿದ್ದೇ ಆ ಎರಡು ಮನೆಗಳಿಂದ, ಕೂಡದೆ ಇನ್ನೇನಾದೀತು? ಇಬ್ಬರನ್ನೂ ಸೇರಿಸಿ ಒಂದೇ ಸಾಕ್ಷಿ ಅಂತ ಎಣಿಸಿ.

5. ನೀರಿಗೆ ಜೋಡಿ ಸಿಗದಿದ್ದರೆ ಖರ್ಚು ಹಿಡಿಯಿರಿ

ಅವಳಿ ನಗರದ ಕೆಲವು ಬಡಾವಣೆಗಳಿಗೆ 2008ರಲ್ಲೇ 24 ತಾಸು ನೀರು ಬಂತು. ಬೇರೆ ಕಡೆ ಎಷ್ಟೋ ಓಣಿಗಳು ಹಲವು ದಿನಕ್ಕೊಮ್ಮೆ ಬರುವ ನೀರನ್ನು ಸಂಪಿಗೆ ತುಂಬಿಕೊಂಡೇ ಬದುಕಿವೆ. "ನೀರಿಗೇನೂ ತ್ರಾಸಿಲ್ರೀ" ಅನ್ನುವ ಮಾತಿಗೆ ಬಿಟ್ಟುಬಿಡಬೇಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದೊಡ್ಡದು, ಬೋರ್ ಬೇಸಿಗೆಯಲ್ಲಿ ನಡೆಯುತ್ತದಾ, ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದರಾ ಅಂತ ಕೇಳಿ. ಇದನ್ನು ಮಾಲೀಕರಿಗಿಂತ ಪಕ್ಕದ ಮನೆಯವರನ್ನು ಕೇಳುವುದು ಒಳ್ಳೆಯದು.

ನಮ್ಮ ಕಟ್ಟಡದಲ್ಲಿ ಟ್ಯಾಂಕರ್‌ಗೆ ಪ್ರತಿ ಮನೆ ಎರಡು ತಿಂಗಳು 900ರಂತೆ ಕೊಟ್ಟಿದ್ದರೆ ವರ್ಷಕ್ಕೆ 1,800. ಅದನ್ನು 12ಕ್ಕೆ ಹಂಚಿದರೆ ತಿಂಗಳಿಗೆ 150. ಟ್ಯಾಂಕರ್ ಬೇಕಿಲ್ಲದ ಮನೆಯ ಬಾಡಿಗೆಯಿಂದ ಈ 150 ಕಳೆಯಬೇಕು. ನಮ್ಮ ಉದಾಹರಣೆಯ ಮನೆಗಳಿಗೆಲ್ಲ ನೀರಿನ ಸ್ಥಿತಿ ಒಂದೇ ಅಂತ ಹಿಡಿದಿದ್ದರಿಂದ ಇಲ್ಲಿ ತಿದ್ದುಪಡಿ ಇಲ್ಲ.

6. ಒಟ್ಟು ಮೊತ್ತದಿಂದ ಮತ್ತೆ ಬಾಡಿಗೆಗೆ

ಕೈಯಲ್ಲಿ ಈಗ ಮೂರು ಅಂಕಿ: 14,350, 14,800, 15,200. ಮೂರೂ 850 ರೂಪಾಯಿಯ ಅಂತರದ ಒಳಗೇ ಇವೆ, ಅಂದರೆ ಲೆಕ್ಕ ದಾರಿ ತಪ್ಪಿಲ್ಲ. ಒಂದು 14,000, ಇನ್ನೊಂದು 18,000 ಬಂದಿದ್ದರೆ ಸರಾಸರಿ ತೆಗೆಯದೆ ಯಾವ ಮನೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ಮತ್ತೆ ನೋಡಬೇಕು.

ನಾನಾದರೆ 14,800ಕ್ಕೇ ನಿಲ್ಲುತ್ತೇನೆ. 'ಖ' ಮನೆಗೆ ತಿದ್ದುಪಡಿಯೇ ಬೇಕಾಗಲಿಲ್ಲ, ಮೇಲಾಗಿ ಅದು ಅಲ್ಲಿರುವವರು ನಿಜವಾಗಿ ಕೊಡುತ್ತಿರುವ ಬಾಡಿಗೆ. 15,200 ಬಂದದ್ದು ಜಾಹೀರಾತಿನಿಂದ, ಅದು ಇಳಿಯಬಹುದೇ ಹೊರತು ಏರುವುದಿಲ್ಲ.

14,800ರಲ್ಲಿ ನಮ್ಮ ಫ್ಲ್ಯಾಟಿನ ಮೇಂಟೆನನ್ಸ್ 1,000, ಡಿಪಾಸಿಟ್ ಬಡ್ಡಿ 500 ತೆಗೆದರೆ ಬಾಡಿಗೆ 13,300. 15,200 ಹಿಡಿದರೂ 13,700. ಮಾಲೀಕರ 15,500 ಮೇಲಿನ ಅಂಚನ್ನೂ 1,800 ರೂಪಾಯಿ ದಾಟಿದೆ.

ಮಾತಿಗೆ ಕೂತಾಗ "ಭಾಳ ಆತ್ರೀ, ಕಡಿಮಿ ಮಾಡ್ರೀ" ಅಂದರೆ ಐನೂರು ಇಳಿಸಿ ಸುಮ್ಮನಾಗುತ್ತಾರೆ. ಅದರ ಬದಲು 'ಖ' ಮನೆಯನ್ನು ಮುಂದಿಡಿ: ಇದೇ ಓಣಿ, ಇದೇ ಮಹಡಿ, ಇಷ್ಟೇ ಜಾಗ, ಅವರು ಎಲ್ಲ ಸೇರಿ ಇಷ್ಟು ಕೊಡುತ್ತಿದ್ದಾರೆ. ಮಾಲೀಕರು ಬಾಡಿಗೆ ಇಳಿಸಲು ಒಪ್ಪದಿದ್ದರೆ ಡಿಪಾಸಿಟ್ 50 ಸಾವಿರಕ್ಕೆ ಇಳಿಸಲು ಕೇಳಿ. ನಿಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ 250ಕ್ಕೆ ಸಮ.

"ನಮ್ಮನ್ಯಾಗ ಕಪಾಟು, ಗೀಸರ್, ಸೋಲಾರ್ ಎಲ್ಲಾ ಐತ್ರೀ" ಅಂತ ಅವರು ಹೇಳಿದರೆ ಅದನ್ನೂ ತಳ್ಳಿಹಾಕಬೇಡಿ. ಸೋಲಾರ್ ನೀರು ಬಚ್ಚಲಿಗೆ ನಿಜವಾಗಿಯೂ ಬರುತ್ತದಾ ನೋಡಿ. ಬಂದರೆ 'ಖ' ಮನೆಯಲ್ಲಿ ಗೀಸರ್‌ಗೆ ತಿಂಗಳಿಗೆ ಎಷ್ಟು ಕರೆಂಟ್ ಬಿಲ್ ಬರುತ್ತದೆ ಕೇಳಿ, ಅಷ್ಟನ್ನು 13,300ಕ್ಕೆ ಕೂಡಿ ಮತ್ತೆ ಮಾತಿಗೆ ಕೂರಿ.