ಮರಾಠಿ ದೃಶ್ಯಕ್ಕೆ ಕನ್ನಡ ಸಬ್‌ಟೈಟಲ್: ಹೇಳದ್ದನ್ನು ಬರೆಯಬೇಡಿ

ಪುಣೆಯಲ್ಲಿ ಗೆಳೆಯರ ಮರಾಠಿ ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಮಾಡುವಾಗ ಕಲಿತದ್ದು ಇದು. ಗಂಡ ದೂರದ ಊರಿಗೆ ಹೊರಟಿದ್ದಾನೆ. ಹೆಂಡತಿ ಬಾಗಿಲಲ್ಲಿ ನಿಂತು, "ಅಹೋ, ಸ್ವೆಟರ್ ಘೇತಲಂತ್ ನಾ?" ಅಂತಾಳೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು, "ಹೋ. ಯೇತೋ."

ನನ್ನ ಮೊದಲ ಕರಡು: "ನೀವಿಲ್ಲದೆ ನನಗೆ ತುಂಬಾ ಬೇಸರ. ಹುಷಾರಾಗಿರಿ." ಅವಳು ಅದನ್ನು ಹೇಳಲೇ ಇಲ್ಲ, ಅಲ್ವಾ? ಅವಳ ಪ್ರೀತಿಯೆಲ್ಲ ಆ ಸ್ವೆಟರಿನಲ್ಲೇ ಇದೆ. ಕೊನೆಗೆ ಹೀಗೆ ಬರೆದೆ: "ರೀ, ಸ್ವೆಟರ್ ತಗೊಂಡ್ರಾ?" "ಹ್ಞೂಂ. ಬರ್ತೀನಿ."

'ಅಹೋ'ಗೆ ನಮ್ಮ 'ರೀ' ಸರಿಯಾಗಿ ಕೂರುತ್ತದೆ. 'ಯೇತೋ' ಕೂಡ ಹಾಗೆಯೇ. ಹೊರಡುವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವುದು ಎರಡೂ ಕಡೆಯ ರೂಢಿ. ಇಂಗ್ಲಿಷಿಗೆ ಮಾಡುವಾಗ 'ರೀ' ಸಿಗುವುದಿಲ್ಲ. ಆಗ ಸುಮ್ನೆ ಬಿಟ್ಟುಬಿಡಿ, 'ಡಾರ್ಲಿಂಗ್' ಹಾಕಬೇಡಿ.

ಇನ್ನೊಂದು ಮಾತು. ಈ ಎರಡು ಸಾಲುಗಳನ್ನು ಒಂದೇ ಸಬ್‌ಟೈಟಲಿನಲ್ಲಿ ಸೇರಿಸಬೇಡಿ. ಅವನು ಬಾಯಿ ತೆರೆಯುವ ಮೊದಲೇ ಉತ್ತರ ಕಂಡರೆ ಮೌನ ಸತ್ತುಹೋಗುತ್ತದೆ. ಪ್ರಶ್ನೆ ಓದಿ ಮುಗಿಯುವಷ್ಟು ಹೊತ್ತು ಇರಲಿ, ಆಮೇಲೆ ಪರದೆ ಖಾಲಿ ಬಿಡಿ. ಅವನು ಮಾತಾಡಿದಾಗಲೇ ಮುಂದಿನ ಸಾಲು ಬರಲಿ.

ಮುಗಿದ ಮೇಲೆ ಧ್ವನಿ ಬಂದ್ ಮಾಡಿ ನೋಡಿ. ಅವಳ ಮುಖಕ್ಕಿಂತ ಸಬ್‌ಟೈಟಲ್ ಜಾಸ್ತಿ ಹೇಳುತ್ತಿದ್ದರೆ ಕತ್ತರಿಸಿ.