ದಾಸವಾಳದ ರಸದ ಬಣ್ಣ ಬದಲಾವಣೆಯನ್ನು ಚಿತ್ರೀಕರಿಸುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಮಿತ್ರರೇ, ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠಕ್ಕೆ ವಿಡಿಯೋ ಮಾಡುವವರು, ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ರಸವನ್ನು ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಾಕಿ, ಹಿಂದೆ ಬಿಳಿ ಕಾಗದವನ್ನು ನಿಲ್ಲಿಸಿರಿ. ಬಿಸಿನೀರನ್ನು ಶಿಕ್ಷಕರೇ ಸುರಿಯಲಿ.

ಮೊದಲ ಲೋಟಕ್ಕೆ ನಿಂಬೆರಸವನ್ನೂ ಎರಡನೆಯದಕ್ಕೆ ಅಡುಗೆ ಸೋಡಾ ಕರಗಿಸಿದ ನೀರನ್ನೂ ಮೂರನೆಯದಕ್ಕೆ ಅಷ್ಟೇ ಬರಿಯ ನೀರನ್ನೂ ಸೇರಿಸಬೇಕು. ರಸ ತೆಳುವಾದುದರಿಂದ ಬಣ್ಣ ಬದಲಾಯಿತೆಂಬ ಸಂದೇಹವನ್ನು ಈ ಮೂರನೆಯದೇ ನಿವಾರಿಸುತ್ತದೆ. ಹಲವರು ಇದನ್ನೇ ಬಿಟ್ಟುಬಿಡುತ್ತಾರೆ.

ಸಮೀಪದ ದೃಶ್ಯದಲ್ಲಿ ಡ್ರಾಪರಿನ ತುದಿಯೂ ರಸದ ಮೇಲ್ಮೈಯೂ ಒಂದೇ ಚೌಕಟ್ಟಿನಲ್ಲಿರಲಿ. ಹನಿ ಬಿದ್ದು ಬಣ್ಣ ಹರಡುವ ಮೊದಲೇ ದೃಶ್ಯವನ್ನು ಕತ್ತರಿಸಿದರೆ ಲೋಟವನ್ನೇ ಬದಲಿಸಿದಂತೆ ತೋರುತ್ತದೆ. ಫೋನು ಬಣ್ಣಗಳನ್ನು ತಾನಾಗಿಯೇ ಸರಿಹೊಂದಿಸಲು ಯತ್ನಿಸುವುದರಿಂದ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ಹೊಂದಿಕೆಯನ್ನು ಮೊದಲೇ ಸ್ಥಿರಗೊಳಿಸಿರಿ. ಹಿಂದಿನ ಕಾಗದದ ಬಿಳುಪು ನಡುವೆ ಬದಲಾದರೆ ಅದು ಕ್ಯಾಮೆರಾದ ದೋಷವೆಂದು ತಿಳಿದು ಮತ್ತೆ ಚಿತ್ರೀಕರಿಸಬೇಕು.

ವಿವರಣೆಯಲ್ಲಿ ಹನಿ ಬೀಳುವ ಮೊದಲು ಏನನ್ನು ಸೇರಿಸುತ್ತಿದ್ದೇವೆಂಬುದನ್ನಷ್ಟೇ ಹೇಳಿ, ಬಣ್ಣ ಬದಲಾಗುವಾಗ ಮೌನವಾಗಿದ್ದು, ಬಳಿಕ “ನಿಂಬೆರಸದಲ್ಲಿರುವ ಆಮ್ಲದಿಂದ ರಸ ಗಾಢ ಗುಲಾಬಿಯಾಯಿತು, ಸೋಡಾದ ಪ್ರತ್ಯಾಮ್ಲೀಯ ಗುಣದಿಂದ ಹಸಿರಾಯಿತು” ಎಂದು ಕಾರಣವನ್ನೂ ಪರಿಣಾಮವನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿರಿ.